ಫೋಟೊದಲ್ಲಿ ಒಂದೇ ಥರ ಕಾಣುತ್ತವೆ: ಐಸೊಲೇಟರೋ, ಆರ್‌ಸಿಸಿಬಿಯೋ?

ಮನೆಗೆ ಕರೆಂಟ್ ಹಂಚುವ ಬೋರ್ಡಾದ ಡಿಬಿಯ ಫೋಟೊದಲ್ಲಿ ಎರಡು ಎಂಸಿಬಿ, ಅಂದರೆ ಎರಡು ಸಣ್ಣ ಬ್ರೇಕರ್‌ಗಳಷ್ಟು ಅಗಲದ ಸ್ವಿಚ್ ಕಂಡರೆ ಮೊದಲು ಬಟನ್ ಹುಡುಕಿ. T ಎಂಬ ಪುಟ್ಟ ಬಟನ್, ಪಕ್ಕದಲ್ಲಿ 40A ಮತ್ತು 0.03A ಇದ್ದರೆ ಅದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಬಿದ್ದು ಆಫ್ ಆಗುತ್ತದೆ. ಬಟನ್ನೂ ಇಲ್ಲ, 40ಕ್ಕೆ ಮೊದಲು B, C ಥರದ ಅಕ್ಷರವೂ ಇಲ್ಲವೆಂದರೆ ಬಹುತೇಕ ಐಸೊಲೇಟರ್. ಕೈಯಿಂದ ಆಫ್ ಮಾಡಿದರಷ್ಟೇ ಆಫ್.

ಹೆಚ್ಚಿನವರು ಎಡವುವುದು ಆ 40A ಓದುವಾಗ. ಎರಡರಲ್ಲೂ ಅದು ತಾಳಿಕೊಳ್ಳುವ ಮಿತಿ, ಟ್ರಿಪ್ ಆಗುವ ಮಿತಿಯಲ್ಲ. ಓವರ್‌ಲೋಡ್ ತಡೆಯುವುದು C16 ಎಂದು ಅಕ್ಷರ ಹೊತ್ತ ಎಂಸಿಬಿ. ಅದೂ 17 ಆಂಪಿಯರ್‌ಗೇ ಬೀಳುವುದಿಲ್ಲ; 23ರ ಆಸುಪಾಸಿನಲ್ಲಿ ಒಂದು ಗಂಟೆಯೊಳಗೆ ಬೀಳುತ್ತದೆ. C ಎಂದರೆ 5ರಿಂದ 10 ಪಟ್ಟು, ಅಂದರೆ 80–160 ಆಂಪಿಯರ್ ನುಗ್ಗಿದಾಗ ತಕ್ಷಣ ಟ್ರಿಪ್. B ಆದರೆ 3ರಿಂದ 5 ಪಟ್ಟಿಗೇ.

ಹಳೆಯ ಪಿಂಗಾಣಿ ಫ್ಯೂಸಿನ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ, ಒಳಗಿನ ತಂತಿಯ ದಪ್ಪವೇ ನಿಜವಾದ ರೇಟಿಂಗ್.

ಐಸೊಲೇಟರ್ ಮಾತ್ರ ಇರುವ ಬೋರ್ಡಿಗೆ ನಾನು ಆರ್‌ಸಿಸಿಬಿಯನ್ನೇ ಆರಿಸುತ್ತೇನೆ. ಆದರೆ ಕೆಳಗೆ ನಾಲ್ಕು C16 ಇದ್ದರೆ ಒಟ್ಟು 64 ಆಂಪಿಯರ್ ಹರಿಯಬಹುದು. ಆಗ 40Aಯ ಆರ್‌ಸಿಸಿಬಿ ಸುಡದಿರಲು ಅದಕ್ಕೆ ಕರೆಂಟ್ ಬರುವ ದಾರಿಯಲ್ಲಿ 40 ಮೀರದ ಎಂಸಿಬಿ ಬೇಕು. ಒಂದೇ ಸರ್ಕ್ಯೂಟಿಗಾದರೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ, C16, 0.03A ಎರಡೂ ಬರೆದ ಆರ್‌ಸಿಬಿಓ ಸಾಕು.