ಅಕೌಂಟ್ ಮ್ಯಾನೇಜರ್ ಬದಲಾದ್ರು ಅಂತ ಮೇಲ್ ಬಂದ್ರೆ 'ಆಲ್ ದಿ ಬೆಸ್ಟ್' ಅಂದು ಸುಮ್ನಾಗ್ಬೇಡಿ

ನಾವು ಬಿಲ್ಲಿಂಗಿಗೆ ಒಂದು ಸಾಫ್ಟ್‌ವೇರ್ ಯೂಸ್ ಮಾಡ್ತೀವಿ, ವರ್ಷಕ್ಕೊಂದ್ಸಲ ರಿನ್ಯೂವಲ್, ಕಂಪನಿ ಹೆಸರು ಬೇಡ ಬಿಡಿ. ಅವರ ಕಡೆಯಿಂದ ನಮ್ಮ ಅಕೌಂಟ್ ನೋಡ್ಕೊಳ್ತಿದ್ದವರು ಒಳ್ಳೇ ಮನುಷ್ಯ, ಫೋನ್ ಮಾಡಿದ್ರೆ ಎತ್ತೋರು, ಹೇಳಿದ್ದು ಮಾಡೋರು. ಏಪ್ರಿಲ್ ಶುರುವಲ್ಲಿ ಒಂದು ಶುಕ್ರವಾರ ಸಂಜೆ ಅವರಿಂದ ಮೇಲ್ ಬಂತು. ಅದರಲ್ಲಿ ಇದ್ದಿದ್ದು ಹೆಚ್ಚುಕಮ್ಮಿ ಇಷ್ಟೇ:

"ನಿಮ್ಮ ಜೊತೆ ಕೆಲಸ ಮಾಡಿದ್ದು ತುಂಬಾ ಖುಷಿ ಕೊಟ್ಟಿದೆ. ಇವತ್ತು ಇಲ್ಲಿ ನನ್ನ ಕೊನೇ ದಿನ. ಇನ್ಮುಂದೆ ನಿಮ್ಮ ಅಕೌಂಟನ್ನ ನನ್ನ ಸಹೋದ್ಯೋಗಿ ನೋಡ್ಕೊಳ್ತಾರೆ, ಅವರು ಸದ್ಯದಲ್ಲೇ ನಿಮ್ಮನ್ನ ಸಂಪರ್ಕಿಸ್ತಾರೆ. ಸೇವೆಯಲ್ಲಿ ಯಾವ ವ್ಯತ್ಯಾಸವೂ ಆಗಲ್ಲ."

ಓದೋಕೆ ಚೆನ್ನಾಗೇ ಇದೆ ಅಲ್ವಾ. ಆದ್ರೆ ಹೊಸಬರ ಹೆಸರು ಒಂದು ಸಾಲಲ್ಲಿ ಇತ್ತೇ ಹೊರತು ಸಿಸಿಯಲ್ಲಿ ಅವರು ಇರ್ಲಿಲ್ಲ, ನಂಬರೂ ಇರ್ಲಿಲ್ಲ. ಈ ಒಂದು ಸಣ್ಣ ವಿಷಯದಿಂದ ಎಷ್ಟು ಎಡವಟ್ಟಾಯ್ತು ಅಂತ ಮುಂದೆ ಹೇಳ್ತೀನಿ.

ಆ ಹೊತ್ತಿಗೆ ನಮ್ದು ಮೂರು ವಿಷಯ ಬಾಕಿ ಇತ್ತು. ವರ್ಷದ ಮಧ್ಯೆ ಹೊಸ ಯೂಸರ್ಸ್ ಸೇರಿಸಿದ್ರೆ ಹಳೇ ರೇಟೇ ಅಂತ ಅವರು ಫೋನಲ್ಲಿ ಒಪ್ಕೊಂಡಿದ್ರು. ಇನ್ವಾಯ್ಸ್ ಎಕ್ಸ್‌ಪೋರ್ಟ್ ಮಾಡ್ದಾಗ ಟ್ಯಾಕ್ಸ್ ಕಾಲಮ್ಮಿನ ಮೊತ್ತ ಪೈಸೆ ಲೆಕ್ಕದಲ್ಲಿ ಹೊಂದ್ತಿರ್ಲಿಲ್ಲ, ಅದನ್ನ ಅವರೇ ಡೆವಲಪರ್ಸ್ ಬೆನ್ನುಹತ್ತಿ ಮಾಡಿಸ್ತಿದ್ರು, ಟಿಕೆಟ್ ಗಿಕೆಟ್ ಏನೂ ಇಲ್ಲ. ಮೂರನೇದು ದೊಡ್ಡದು. ರಿನ್ಯೂವಲ್ ಜೂನ್ 30ಕ್ಕೆ, 40 ಲೈಸೆನ್ಸ್ ಬೇಡ 28 ಸಾಕು ಅಂತ ನಾವು ತೀರ್ಮಾನ ಮಾಡಿದ್ವಿ. ಕಾಂಟ್ರಾಕ್ಟ್ ಪ್ರಕಾರ ಕಮ್ಮಿ ಮಾಡ್ಬೇಕಂದ್ರೆ 60 ದಿನ ಮುಂಚೆ ಬರವಣಿಗೆಯಲ್ಲಿ ಕೊಡ್ಬೇಕು, ಅಂದ್ರೆ ಮೇ 1ರೊಳಗೆ. ಇಲ್ಲಾಂದ್ರೆ ಇದ್ದಷ್ಟೇ ಲೈಸೆನ್ಸ್ ತಾನಾಗೇ ರಿನ್ಯೂ ಆಗುತ್ತೆ.

ನಮ್ಮ ಅಕೌಂಟ್ಸ್ ಮೇಡಂ ಏಪ್ರಿಲ್ ಮೂರನೇ ವಾರ ಅದನ್ನ ಬರೆದು ಕಳಿಸಿದ್ರು, ಹಳೇ ಮೇಲ್ ಥ್ರೆಡ್‌ಗೇ ರಿಪ್ಲೈ ಹಾಕಿ, ಯಾಕಂದ್ರೆ ಲೈಸೆನ್ಸ್ ಮಾತುಕತೆ ಪೂರ್ತಿ ಅಲ್ಲೇ ನಡೆದಿತ್ತು. ಆ ಥ್ರೆಡ್ಡಲ್ಲಿ ಇದ್ದಿದ್ದು ಹಳಬರ ಅಡ್ರೆಸ್ ಒಂದೇ. ಮೇಲ್ ಬೌನ್ಸೂ ಆಗ್ಲಿಲ್ಲ, ಆಟೋ ರಿಪ್ಲೈಯೂ ಬರ್ಲಿಲ್ಲ, ಆಮೇಲೆ ಗೊತ್ತಾಯ್ತು ಅವರ ಮೇಲ್‌ಬಾಕ್ಸನ್ನ ಯಾರೂ ತೆರೆದು ನೋಡದ ಇನ್ನೊಂದು ಬಾಕ್ಸಿಗೆ ಫಾರ್ವರ್ಡ್ ಇಟ್ಟಿದ್ರಂತೆ. ಹೊಸಬರು ಮೊದಲ ಸಲ ಫೋನ್ ಮಾಡಿದ್ದು ಮೇ ತಿಂಗಳ ಮಧ್ಯದಲ್ಲಿ. ಮೊದಲ ಪ್ರಶ್ನೆ ಏನು ಗೊತ್ತಾ, "ಸರ್, ನೀವು ನಮ್ಮ ಪ್ರಾಡಕ್ಟನ್ನ ಯಾವುದಕ್ಕೆ ಯೂಸ್ ಮಾಡ್ತಿದೀರಾ ಸ್ವಲ್ಪ ಹೇಳ್ತೀರಾ?"

40 ಲೈಸೆನ್ಸಿಗೂ ಬಿಲ್ ಬಂತು, ಮಧ್ಯದಲ್ಲಿ ಸೇರಿಸಿದ ಯೂಸರ್ಸಿಗೆ ಹೊಸ ರೇಟೂ ಹಾಕಿದ್ರು. ಕೇಳಿದ್ರೆ ಅವರ ಬಿಲ್ಲಿಂಗ್ ಟೀಮಿಂದು ಒಂದೇ ಮಾತು, "ರೈಟಿಂಗಲ್ಲಿ ಇದ್ಯಾ?" ಕಾಂಟ್ರಾಕ್ಟಲ್ಲಿ ಬಾಯಿಮಾತು ಲೆಕ್ಕಕ್ಕಿಲ್ಲ, ಬರೆದದ್ದಷ್ಟೇ ಅಂತ ಒಂದು ಸಾಲು ಇರುತ್ತೆ ನೋಡಿ, ಅದು ಇಲ್ಲೂ ಇತ್ತು. ಲೈಸೆನ್ಸ್ ಸಂಖ್ಯೆನ, ಮೇಲ್ ತಾರೀಕು ತೋರಿಸಿ ಜಗಳ ಆಡಿದ್ಮೇಲೆ ಸರಿ ಮಾಡಿದ್ರು, ರೇಟ್ ವಿಷಯ ಕೈಬಿಟ್ಟು ಹೋಯ್ತು. ಆ ಮನುಷ್ಯ ಕೊಟ್ಟ ಮಾತು ಆ ಮನುಷ್ಯನ ಜೊತೇಲೇ ಹೊರಟೋಯ್ತು ಅಷ್ಟೇ.

ಕಂಪನಿಗಳು ಹೀಗೆ ಕೊನೇ ದಿನ ಮೇಲ್ ಕಳಿಸೋಕೆ ಕಾರಣ ಇದೆ. ಮೊದಲೇ ಹೇಳಿದ್ರೆ ಕ್ಲೈಂಟ್ ಗಾಬರಿ ಆಗ್ತಾನೆ, ಇಲ್ಲಾ ಹೋಗೋರ ಹಿಂದೆ ಅವನೂ ಹೋಗ್ತಾನೆ ಅನ್ನೋ ಭಯ. ಆದ್ರೆ ಕ್ಲೈಂಟ್ ತಲೇಲಿ ಓಡೋದು ಬೇರೆ. ನನಗೆ ಕೊಟ್ಟ ಮಾತು ನಿಲ್ಲುತ್ತಾ, ಎಲ್ಲಾ ಮತ್ತೆ ಮೊದಲಿಂದ ಹೇಳ್ಬೇಕಾ, ನಾಳೆ ಏನಾದ್ರೂ ಕೆಟ್ರೆ ಯಾರಿಗೆ ಫೋನ್ ಮಾಡ್ಲಿ. ಇದಕ್ಕೆ ಉತ್ತರ ಇಲ್ದೆ ಬರೀ "ವ್ಯತ್ಯಾಸ ಆಗಲ್ಲ" ಅಂದ್ರೆ ಏನು ಪ್ರಯೋಜನ, ವ್ಯತ್ಯಾಸ ಆಗಲ್ಲ ಅನ್ನೋದಕ್ಕೆ ಅದರಲ್ಲಿ ಸಾಕ್ಷಿ ಏನಿದೆ? ನನಗೆ ಬರ್ಬೇಕಿದ್ದ ಮೇಲ್ ಹೀಗಿರ್ಬೇಕಿತ್ತು, ಎರಡು ವಾರ ಮೊದಲು, ಹೊಸಬರನ್ನ ಸಿಸಿಯಲ್ಲಿಟ್ಟು:

"ನಮಸ್ಕಾರ ಸರ್. ಏಪ್ರಿಲ್ 4 ಈ ಕಂಪನಿಯಲ್ಲಿ ನನ್ನ ಕೊನೇ ದಿನ. ಏಪ್ರಿಲ್ 7ರಿಂದ ನಿಮ್ಮ ಅಕೌಂಟ್ ನೋಡ್ಕೊಳ್ಳೋರು ಈ ಮೇಲಿನ ಸಿಸಿಯಲ್ಲಿ ಇದ್ದಾರೆ, ಅವರ ನೇರ ನಂಬರ್ ಕೆಳಗಿದೆ. ನಿಮ್ಮ ವಿಷಯದಲ್ಲಿ ಸದ್ಯ ಬಾಕಿ ಇರೋದು ಇವು. ಜೂನ್ 30ರ ರಿನ್ಯೂವಲ್‌ಗೆ ಲೈಸೆನ್ಸ್ ಕಮ್ಮಿ ಮಾಡೋ ಯೋಚನೆ ಇದೆ ಅಂದಿದ್ರಿ, ಮೇ 1ರೊಳಗೆ ನಿಮ್ಮಿಂದ ಒಂದು ಮೇಲ್ ಬೇಕು, ಅದನ್ನ ಅವರಿಗೇ ಕಳಿಸಿ. ವರ್ಷದ ಮಧ್ಯೆ ಸೇರಿಸಿದ ಯೂಸರ್ಸಿಗೆ ರಿನ್ಯೂವಲ್ ತನಕ ಹಳೇ ರೇಟ್ ಅಂತ ನಾನು ಫೋನಲ್ಲಿ ಹೇಳಿದ್ದೆ, ಅದು ಹಾಗೇ ಇರುತ್ತೆ, ನಮ್ಮ ಬಿಲ್ಲಿಂಗ್ ಟೀಮಿಗೂ ಬರೆದು ತಿಳಿಸಿದೀನಿ. ಟ್ಯಾಕ್ಸ್ ಕಾಲಮ್ ಸಮಸ್ಯೆಗೆ ಟಿಕೆಟ್ ತೆಗೆದಿದೀನಿ, ನಂಬರ್ ಕೆಳಗಿದೆ, ಇನ್ನೂ ಸರಿಯಾಗಿಲ್ಲ. ಇದರಲ್ಲಿ ನಾನು ಏನಾದ್ರೂ ಬಿಟ್ಟಿದ್ರೆ ಇದೇ ಮೇಲಿಗೆ ರಿಪ್ಲೈ ಮಾಡಿ, ನಾನಿರೋವಾಗ್ಲೇ ಸರಿ ಮಾಡೋಣ. 4ರ ನಂತರ ನನ್ನ ಅಡ್ರೆಸ್ಸಿಗೆ ಬಂದ ಮೇಲ್ ಯಾರೂ ನೋಡಲ್ಲ. ಮೂವರೂ ಸೇರಿ ಹದಿನೈದು ನಿಮಿಷ ಮಾತಾಡೋಣ, ನಿಮಗೆ ಯಾವಾಗ ಆಗುತ್ತೆ?"

ಇದರಲ್ಲಿ ಖುಷಿ, ಧನ್ಯವಾದ, ನನ್ನ ಪಯಣ ಅಂತೆಲ್ಲ ಏನೂ ಇಲ್ಲ, ಬೇಕಿದ್ರೆ ಕೊನೇಲಿ ಒಂದು ಸಾಲು ಹಾಕಿ ಯಾರೂ ಬೇಡ ಅನ್ನಲ್ಲ. ಯಾಕೆ ಬಿಡ್ತಿದೀನಿ ಅಂತಾನೂ ಹೇಳ್ಬೇಕಿಲ್ಲ. ಟ್ಯಾಕ್ಸ್ ಕಾಲಮ್ "ಇನ್ನೂ ಸರಿಯಾಗಿಲ್ಲ" ಅಂತ ಇದೆ ನೋಡಿ, ಅದನ್ನ ಬರೆಯೋಕೆ ಮುಜುಗರ ಆಗುತ್ತೆ, ಬಹಳ ಜನ ಅದನ್ನೇ ಬಿಡ್ತಾರೆ. ಆದ್ರೆ ಅದನ್ನ ಓದಿದ್ಮೇಲೇ ಉಳಿದಿದ್ದೂ ನಿಜ ಇರ್ಬೇಕು ಅಂತ ನನಗೆ ಅನ್ಸೋದು. ಇದಕ್ಕೆ ಹೊಸಬರು ಮಾರನೇ ದಿನವೇ ಅದೇ ಥ್ರೆಡ್ಡಲ್ಲಿ "ಮೂರೂ ಓದಿದೀನಿ, ಮೂರಕ್ಕೂ ಇನ್ನು ನಾನೇ ಜವಾಬ್ದಾರಿ" ಅಂತ ಬರೆದು, ತಮ್ಮಿಂದ ಆಗದೇ ಇದ್ರೆ ಯಾರನ್ನ ಹಿಡೀಬೇಕು ಅಂತ ಮೇಲಿನವರ ಹೆಸರನ್ನೂ ಕೊಡ್ಬೇಕು. ರೇಟ್ ಮಾತನ್ನ ಹೊಸಬರು ಒಪ್ಪಿ ಬರೆದ್ರು ಅಂದ್ರೆ ಅದು ಬಾಯಿಮಾತಾಗಿ ಉಳಿಯಲ್ಲ, ಕಮ್ಮಿ ಅಂದ್ರೆ ತೋರ್ಸೋಕೆ ಒಂದು ಕಾಗದ ಇರುತ್ತೆ.

ಇನ್ನು ನಿಮಗೂ ನಮಗೆ ಬಂದಂಥದ್ದೇ ಮೇಲ್ ಬಂದ್ರೆ, ಹಳಬರ ಮೇಲ್‌ಬಾಕ್ಸ್ ಮುಚ್ಚೋ ಮುಂಚೆ, ಅಂದ್ರೆ ಅವತ್ತೇ, ರಿಪ್ಲೈ ಹಾಕಿ. ಹೊಸಬರನ್ನ ನೀವೇ ಸಿಸಿಗೆ ಸೇರಿಸಿ, ಅವರ ಅಡ್ರೆಸ್ ಗೊತ್ತಿಲ್ದಿದ್ರೆ ಇನ್ವಾಯ್ಸ್ ಬರುತ್ತಲ್ಲ ಆ ಬಿಲ್ಲಿಂಗ್ ಅಡ್ರೆಸ್ಸಾದ್ರೂ ಹಾಕಿ. "ನೀವು ನಮಗೆ ಇಂತಿಂಥಾದ್ದು ಒಪ್ಕೊಂಡಿದ್ರಿ, ಇದು ಮುಂದುವರಿಯುತ್ತೆ ಅಂತ ಇದೇ ಥ್ರೆಡ್ಡಲ್ಲಿ ಖಚಿತ ಮಾಡಿ" ಅಂತ ಸಾಲು ಸಾಲಾಗಿ ಬರೀರಿ, ಕಾಂಟ್ರಾಕ್ಟ್ ತೆಗೆದು ನೋಟಿಸ್ ಕೊಡೋಕೆ ಅಂತ ಬೇರೆ ಮೇಲ್ ಅಡ್ರೆಸ್ ಇದ್ಯಾ ನೋಡಿ, ಬಹಳಷ್ಟರಲ್ಲಿ ಇರುತ್ತೆ, ಲೈಸೆನ್ಸ್ ಕಮ್ಮಿ ಮಾಡೋದು ನಿಲ್ಲಿಸೋದು ಎಲ್ಲಾ ಅಲ್ಲಿಗೂ ಒಂದು ಕಾಪಿ ಹೋಗ್ಲಿ. ನಿಮ್ಮ ಆಫೀಸಲ್ಲಿ ಅವರ ಜೊತೆ ಮೇಲ್ ಮಾಡೋ ಪ್ರತಿಯೊಬ್ರಿಗೂ ಹೊಸ ಅಡ್ರೆಸ್ ಕೊಟ್ಟು, ಹಳೇದನ್ನ ಕಾಂಟ್ಯಾಕ್ಟಿಂದ ಡಿಲೀಟ್ ಮಾಡ್ಸಿ, ಇಲ್ಲಾಂದ್ರೆ ಮೊದಲ ಎರಡು ಅಕ್ಷರ ಟೈಪ್ ಮಾಡ್ತಿದ್ದಂಗೇ ಅದೇ ಬಂದು ಕೂತ್ಕೊಳುತ್ತೆ.