ಗೇನ್ ಎಲ್ಲಿ ಕೊಡಬೇಕು: ಒಂದೇ ತತ್ವಪದ, ಮೂರು ಜೋಡಣೆ

ಕಳೆದ ಶ್ರಾವಣದಲ್ಲಿ ಬಾದಾಮಿ ಸಮೀಪದ ಒಂದು ಊರಿನ ಗುಡಿಯಲ್ಲಿ ಭಜನಿ ಮೇಳದ ತತ್ವಪದಗಳನ್ನು ದಾಖಲಿಸುತ್ತಿದ್ದಾಗ, ಗೇನನ್ನು, ಅಂದರೆ ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು, ಮೂರು ರೀತಿಯಲ್ಲಿ ಹಂಚಿ ನೋಡುವ ಅವಕಾಶ ದೊರೆಯಿತು. ಪದ ಹೇಳುವ ಅಜ್ಜಾರ ಮುಂದೆ ಶೂರ್ ಎಸ್‌ಎಂ58 ಮೈಕು, ಅದರಿಂದ ಅನಲಾಗ್ ಮಿಕ್ಸರ್, ಮಿಕ್ಸರ್‌ನಿಂದ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಪುಟ್, ಅಲ್ಲಿಂದ ಲ್ಯಾಪ್‌ಟಾಪ್.

ಮೊದಲು ಈ ಸರಣಿಯ ಮಿತಿಗಳನ್ನು ಹೇಳಬೇಕು. ಅಜ್ಜಾರು ಪಲ್ಲವಿಯಲ್ಲಿ ದನಿ ಏರಿಸಿದಾಗ ಮೈಕಿನ ಬಳಿ ಶಬ್ದ ಸುಮಾರು 110 ಡೆಸಿಬೆಲ್ ತಲುಪುತ್ತಿತ್ತು; ಆಗ ಈ ಮೈಕು ಕೊಡುವುದು, ವಿದ್ಯುತ್ ಸಂಕೇತದ ಮಟ್ಟ ಅಳೆಯುವ ಡಿಬಿಯು ಮಾನದಲ್ಲಿ, ಸುಮಾರು ಮೈನಸ್ 36. ನನ್ನ ಮಿಕ್ಸರ್‌ನಲ್ಲಿ ಪ್ಲಸ್ 22 ಡಿಬಿಯು ದಾಟಿದರೆ ದನಿ ಒಡೆಯುತ್ತದೆ. ಇಂಟರ್‌ಫೇಸಿನ ಗೇನನ್ನು ಕನಿಷ್ಠಕ್ಕೆ ಇಟ್ಟರೆ ಪ್ಲಸ್ 16 ಡಿಬಿಯು ಬಂದಾಗಲೇ, ಅದರೊಳಗೆ ಸಂಕೇತವನ್ನು ಅಂಕಿಗಳಾಗಿಸುವ ಕನ್ವರ್ಟರ್‌ನ ಮಾಪನ ಸೊನ್ನೆ ತಲುಪುತ್ತದೆ, ಅದರಾಚೆಗೆ ಕನ್ವರ್ಟರ್‌ನಲ್ಲಿ ಜಾಗವೇ ಇಲ್ಲ. ಅಂದರೆ ಮಿಕ್ಸರ್‌ನ ಕೆಂಪು ದೀಪ ಹೊತ್ತುವ ಮೊದಲೇ ಕನ್ವರ್ಟರ್ ಕ್ಲಿಪ್ ಆಗಬಲ್ಲದು, ಅಲೆಯ ನೆತ್ತಿ ಕತ್ತರಿಸಿಹೋಗಬಲ್ಲದು; ಕೇವಲ ಮಿಕ್ಸರ್ ಮೀಟರ್ ನಂಬುವವರು ಮೋಸಹೋಗುವುದು ಇಲ್ಲಿಯೇ.

ಮೊದಲ ದಿನ ಅಂಜಿಕೆಯಿಂದ ಮಿಕ್ಸರ್‌ನ ಮೊದಲ ಹಂತವಾದ ಪ್ರೀಆಂಪ್‌ನಲ್ಲಿ ಕೇವಲ 15 ಡೆಸಿಬೆಲ್ ಗೇನ್ ಕೊಟ್ಟು, ಅದರ ನಂತರ ಮಟ್ಟ ಏರಿಳಿಸುವ ಫೇಡರನ್ನು ಮೈನಸ್ 10ರಲ್ಲಿ ಇಟ್ಟು, ಉಳಿದ ಕೊರತೆಯನ್ನು ಇಂಟರ್‌ಫೇಸಿನಲ್ಲಿ 35 ಡೆಸಿಬೆಲ್ ಏರಿಸಿ ತುಂಬಿದೆ. ಲ್ಯಾಪ್‌ಟಾಪಿನಲ್ಲಿ ಏರುದನಿ ಕನ್ವರ್ಟರ್ ಮಾಪನದ ಮೈನಸ್ 12ಕ್ಕೆ ಬಂದು ನಿಂತಿತು, ನೋಡಲು ಎಲ್ಲವೂ ಸರಿಯಾಗಿತ್ತು. ಆದರೆ ಎರಡು ಪದಗಳ ನಡುವಿನ ಮೌನದಲ್ಲಿ ಒಗ್ಗರಣೆ ಸೀಯುವಂತಹ 'ಸ್‌ಸ್' ಸದ್ದು ಸ್ಪಷ್ಟವಾಗಿ ಕೇಳಿಸಿತು. ಮಿಕ್ಸರ್‌ನ ಔಟ್‌ಪುಟ್ಟಿನಲ್ಲಿ ಸುಮಾರು ಮೈನಸ್ 85 ಡಿಬಿಯುದಷ್ಟು ಸ್ವಂತ ನಾಯ್ಸ್ ಯಾವಾಗಲೂ ಇರುತ್ತದೆ; ಹಾಡು ಅಲ್ಲಿಗೆ ಮೈನಸ್ 31ರಷ್ಟು ದುರ್ಬಲವಾಗಿ ಬಂದುದರಿಂದ, ಅದರ ಜೊತೆಗೆ ನಾಯ್ಸ್ ಕೂಡ 35 ಡೆಸಿಬೆಲ್ ಏರಿ ಕನ್ವರ್ಟರ್ ಮಾಪನದಲ್ಲಿ ಮೈನಸ್ 66ಕ್ಕೆ ಬಂದು ಕುಳಿತಿತು.

ಎರಡನೆಯ ರೀತಿ ನನ್ನ ಆಯ್ಕೆಯಲ್ಲ. ಮರುದಿನ ಸಂಜೆ ಊರಿನ ಸೌಂಡ್ ಹುಡುಗ ಗೇನನ್ನು 60ಕ್ಕೆ ತಿರುವಿ, ಸ್ಪೀಕರು ಕೂಗತೊಡಗಿದೊಡನೆ ಫೇಡರನ್ನು ಮೈನಸ್ 20ಕ್ಕೆ ಎಳೆದಿದ್ದ. ಮಧ್ಯಾಹ್ನದ ಅಭ್ಯಾಸದಲ್ಲಿ ಇಲ್ಲದ ಸೀಳುದನಿ ರೆಕಾರ್ಡಿಂಗಿನಲ್ಲಿತ್ತು. ಕೇಳಿಸಿಕೊಂಡ ಅಜ್ಜಾರು, "ಏನ್ರೀ ಸರ, ನನ್ನ ದನಿ ಒಡದಂಗ ಕೇಳಾಕತ್ತೈತಲ್ಲ?" ಎಂದರು. ರೆಕಾರ್ಡಿಂಗ್ ತಂತ್ರಾಂಶವಾದ ಆಡಾಸಿಟಿಯಲ್ಲಿ ಕ್ಲಿಪಿಂಗ್ ತೋರಿಸುವ ಕೆಂಪು ಗೆರೆ ಒಂದೂ ಇರಲಿಲ್ಲ, ಏಕೆಂದರೆ ಅದು ಗುರುತಿಸುವುದು ಸೊನ್ನೆಗೆ ತಾಗಿದ ಭಾಗವನ್ನು ಮಾತ್ರ. ಅಲೆಯನ್ನು ಹಿಗ್ಗಿಸಿ ನೋಡಿದಾಗ ಪ್ರತಿ ಏರುದನಿಯ ನೆತ್ತಿಯೂ ಮೈನಸ್ 14ರಲ್ಲಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಲೆಕ್ಕವೂ ಅದನ್ನೇ ಹೇಳುತ್ತದೆ: ಮೈನಸ್ 36ಕ್ಕೆ 60 ಕೂಡಿಸಿದರೆ ಪ್ಲಸ್ 24, ಪ್ರೀಆಂಪ್‌ನ ಮಿತಿ 22, ಅಲ್ಲಿ ಕತ್ತರಿಸಿದ ನೆತ್ತಿಯನ್ನು ಫೇಡರ್ 20 ಡೆಸಿಬೆಲ್ ಇಳಿಸಿ ಪ್ಲಸ್ 2ಕ್ಕೆ ತಂದು ಕಳಿಸಿತು, ಇಂಟರ್‌ಫೇಸಿನ ಗೇನ್ ಕನಿಷ್ಠದಲ್ಲಿದ್ದಾಗ ಅದು ಕನ್ವರ್ಟರ್‌ನ ಮೈನಸ್ 14. ಚಪ್ಪಟೆ ನೆತ್ತಿ ಸೊನ್ನೆಗಿಂತ ಕೆಳಗೆ ಕಂಡರೆ ತಪ್ಪು ಕನ್ವರ್ಟರ್‌ನದಲ್ಲ, ಅದಕ್ಕಿಂತ ಹಿಂದಿನದು. ಮೂರು ರೀತಿಗಳಲ್ಲಿ ಇದನ್ನೇ ನಾನು ಅತ್ಯಂತ ಕೆಟ್ಟದ್ದೆನ್ನುತ್ತೇನೆ. ನಾಯ್ಸನ್ನು ಸ್ವಲ್ಪವಾದರೂ ತಗ್ಗಿಸಬಹುದು, ಒಡೆದ ದನಿಯನ್ನು ಮೊದಲಿನಂತೆ ಕೂಡಿಸಲಾಗದು.

ಮೂರನೆಯ ದಿನ ಚಾನಲ್ ಫೇಡರ್ ಮತ್ತು ಮೇನ್ ಫೇಡರ್ ಎರಡನ್ನೂ ಸೊನ್ನೆ ಗುರುತಿನಲ್ಲಿ ನಿಲ್ಲಿಸಿ, ಇಂಟರ್‌ಫೇಸಿನ ಗೇನನ್ನು ಪೂರ್ತಿ ಇಳಿಸಿ, ಅಜ್ಜಾರಿಗೆ ಅತಿ ಎತ್ತರದ ಸಾಲನ್ನೇ ಹೇಳಲು ಕೇಳಿಕೊಂಡು, ಪ್ರೀಆಂಪ್ ಗೇನ್ ಒಂದನ್ನೇ ಏರಿಸುತ್ತ ಹೋದೆ. 40 ಡೆಸಿಬೆಲ್‌ಗೆ ಏರುದನಿ ಮಿಕ್ಸರ್‌ನಲ್ಲಿ ಪ್ಲಸ್ 4ಕ್ಕೂ ಕನ್ವರ್ಟರ್‌ನಲ್ಲಿ ಮೈನಸ್ 12ಕ್ಕೂ ಬಂದಿತು. ಹುಮ್ಮಸ್ಸಿನಲ್ಲಿ ದನಿ ಇನ್ನಷ್ಟು ಏರಿದರೂ 12 ಡೆಸಿಬೆಲ್ ಜಾಗ ಉಳಿದಿತ್ತು, 24 ಬಿಟ್ ರೆಕಾರ್ಡಿಂಗಿನಲ್ಲಿ ಅದನ್ನು ಖಾಲಿ ಬಿಡುವುದರಿಂದ ನಷ್ಟವಿಲ್ಲ. ಪ್ರೀಆಂಪ್ ಮತ್ತು ಮಿಕ್ಸರ್ ಎರಡರ ನಾಯ್ಸ್ ಕೂಡಿದರೂ ಮೈನಸ್ 99ರ ಆಸುಪಾಸಿನಲ್ಲಿತ್ತು. ಏರುದನಿಯ ಮಟ್ಟ ಮೊದಲ ದಿನದ್ದೇ, ಆದರೆ ನಾಯ್ಸ್ 33 ಡೆಸಿಬೆಲ್ ಕೆಳಗೆ.

ಆದರೂ ಮೌನ ಪೂರ್ತಿ ಮೌನವಾಗಿರಲಿಲ್ಲ. ಮೈನಸ್ 77ರಲ್ಲಿ ಉಳಿದಿದ್ದುದು ಗುಡಿಯ ಫ್ಯಾನಿನ ಸದ್ದು. ಮೊದಲ ದಿನ ಅದು 'ಸ್‌ಸ್' ಅಡಿಯಲ್ಲಿ ಮುಚ್ಚಿಹೋಗಿತ್ತು. ಇದು ಮೈಕಿನ ಮೂಲಕವೇ ಬರುವುದರಿಂದ ಯಾವ ಗುಂಡಿಯನ್ನು ಹೇಗೆ ತಿರುವಿದರೂ ಹಾಡಿನೊಂದಿಗೆ ಏರುತ್ತದೆ, ಇಳಿಯುತ್ತದೆ. ಸೆಕೆಯಲ್ಲಿ ಫ್ಯಾನ್ ಆರಿಸಲು ಮೇಳದವರು ಒಪ್ಪಲಿಲ್ಲ. ಬಾಯಿಯಿಂದ ನಾಲ್ಕು ಬೆರಳು ದೂರವಿದ್ದ ಮೈಕನ್ನು ಎರಡು ಬೆರಳಿಗೆ ತಂದು, ಸಮೀಪದಿಂದಾಗಿ ದಪ್ಪಗಾದ ಕೆಳದನಿಯನ್ನು ಲೋ ಕಟ್‌ನಿಂದ ತಗ್ಗಿಸಿ, ಗೇನನ್ನು 40ರಿಂದ 34ಕ್ಕೆ ಇಳಿಸಿದೆ. ಪದದ ಮಟ್ಟ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಫ್ಯಾನು 6 ಡೆಸಿಬೆಲ್ ಕೆಳಗಿಳಿಯಿತು.