ಸಿದ್ಧ ಟಿಕೆಟ್ ಪ್ಲಾಟ್‌ಫಾರ್ಮಾ, ಸ್ವಂತ ನೋಂದಣಿ ವ್ಯವಸ್ಥೆಯಾ? ಆರು ವರ್ಷ ಬಳಸಿದ ಮೇಲೆ

ನಮ್ಮದು ವರ್ಷಕ್ಕೊಮ್ಮೆ ನಡೆಯುವ ಮೂರು ದಿನದ ಸಣ್ಣ ಉತ್ಸವ. ಸಂಗೀತ, ಕರಕುಶಲ, ಜೊತೆಗೆ 18 ಕಾರ್ಯಾಗಾರ. ಬರುವವರು 400ರ ಆಸುಪಾಸು. ಆರು ವರ್ಷದಿಂದ ನೋಂದಣಿಯ ಕೆಲಸ ನನ್ನದೇ. ಮೊದಲ ಮೂರು ವರ್ಷ ಸ್ವಯಂಸೇವಕರೊಬ್ಬರು ಬರೆದುಕೊಟ್ಟ ಸ್ವಂತ ವ್ಯವಸ್ಥೆ ಇತ್ತು. ಆಮೇಲೆ ಒಂದು ವರ್ಷ ಎಲ್ಲವನ್ನೂ ಸಿದ್ಧ ಪ್ಲಾಟ್‌ಫಾರ್ಮ್‌ಗೆ ಒಪ್ಪಿಸಿದೆವು. ಕಳೆದ ಎರಡು ವರ್ಷದಿಂದ ಎರಡನ್ನೂ ಬೆರೆಸಿಕೊಂಡಿದ್ದೇವೆ. ಹಣ ತೆಗೆದುಕೊಳ್ಳುವುದು ಪ್ಲಾಟ್‌ಫಾರ್ಮ್, ಕಾರ್ಯಾಗಾರ ಹಂಚುವುದು ನಮ್ಮ ಪುಟ. ನಮಗೆ ಒಗ್ಗಿದ್ದು ಇದೇ.

ಸ್ವಂತ ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದನ್ನು ಬರೆದವರು ಕೆಲಸ ಬಲ್ಲವರು. ನಮ್ಮ ಕಷ್ಟ ಬೇರೆ. ದಿನವೂ ಓಡುವ ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ತಪ್ಪಿದ್ದರೆ ಅದು ಇವತ್ತಲ್ಲ ನಾಳೆ ಕಣ್ಣಿಗೆ ಬೀಳುತ್ತದೆ. ನಮ್ಮದು ಹನ್ನೊಂದು ತಿಂಗಳು ಮಲಗಿರುತ್ತದೆ. ಎದ್ದ ದಿನವೇ ಅದರ ಮುಂದೆ 300 ಜನ ನಿಂತಿರುತ್ತಾರೆ. ತಪ್ಪು ಗೊತ್ತಾಗುವ ದಿನವೂ ಅದೇ, ತಪ್ಪಾಗಲೇಬಾರದ ದಿನವೂ ಅದೇ.

ಮೊದಲ ವರ್ಷದ ಮಡಿಕೆ ಕಾರ್ಯಾಗಾರವನ್ನೇ ನೋಡಿ. ಇದ್ದದ್ದು 20 ಜಾಗ. ಬೆಳಗ್ಗೆ 10ಕ್ಕೆ ನೋಂದಣಿ ತೆರೆದೆವು. ನಾಲ್ಕು ನಿಮಿಷಕ್ಕೆ ಪಟ್ಟಿಯಲ್ಲಿ 23 ಹೆಸರು! ಕಾರಣ ಸರಳ. ನಮ್ಮ ಕೋಡ್ ಮೊದಲು ಎಷ್ಟು ಜನ ಸೇರಿದ್ದಾರೆ ಅಂತ ಎಣಿಸುತ್ತಿತ್ತು, 20ಕ್ಕಿಂತ ಕಡಿಮೆ ಇದ್ದರೆ ಹೆಸರು ಸೇರಿಸುತ್ತಿತ್ತು. ಎಣಿಸುವುದಕ್ಕೂ ಸೇರಿಸುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಸಮಯ ಇರುತ್ತದಲ್ವಾ, ಅಷ್ಟರಲ್ಲಿ ನಾಲ್ವರು ಒಟ್ಟಿಗೆ ಎಣಿಸಿದ್ದರು. ನಾಲ್ವರಿಗೂ ಕಂಡದ್ದು "19". ನಾಲ್ವರೂ ಒಳಗೆ ಬಂದರು. ಇದಕ್ಕೆ ಪರಿಹಾರ ಎಣಿಸುವುದನ್ನೂ ಕಳೆಯುವುದನ್ನೂ ಡೇಟಾಬೇಸ್‌ಗೆ ಒಂದೇ ಹೆಜ್ಜೆಯಾಗಿ ಒಪ್ಪಿಸುವುದು:

```sql
UPDATE workshops
SET seats_left = seats_left - 1
WHERE id = 7 AND seats_left > 0;
```

ಒಂದು ಸಾಲು ಬದಲಾಯಿತು ಅಂತ ಉತ್ತರ ಬಂದರೆ ಜಾಗ ಸಿಕ್ಕಿತು. ಸೊನ್ನೆ ಬಂದರೆ ತುಂಬಿದೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆವು. ಆದರೆ ನಡುವೆ ಹಣ ಬಂದ ಕೂಡಲೇ ಕಥೆ ಉದ್ದವಾಗುತ್ತದೆ. ಹಣ ಕಟ್ಟುವವರೆಗೆ ಆ ಜಾಗವನ್ನು ಅವರಿಗಾಗಿ ಹಿಡಿದಿಡಬೇಕು. ನಾವು 15 ನಿಮಿಷ ಇಟ್ಟಿದ್ದೆವು. ಒಬ್ಬರ ಬ್ಯಾಂಕ್ ಪುಟ ನಿಧಾನವಾಗಿ 19ನೇ ನಿಮಿಷಕ್ಕೆ ಹಣ ಬಂತು. ಅಷ್ಟರಲ್ಲಿ ಆ ಜಾಗ ಇನ್ನೊಬ್ಬರ ಪಾಲಾಗಿತ್ತು. ಹಣ ಕೊಟ್ಟವರಿಗೆ ಜಾಗ ಇಲ್ಲ, ಇಂಥದ್ದಾದರೆ ಏನು ಮಾಡಬೇಕು ಅಂತ ಕೋಡ್‌ನಲ್ಲೂ ಬರೆದಿಲ್ಲ, ನಾವೂ ಮಾತಾಡಿಕೊಂಡಿಲ್ಲ. ಅವರಿಗೆ ಫೋನ್ ಮಾಡಿ ವಿಷಯ ಹೇಳಬೇಕಾದದ್ದು ನಾನು. ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ.

ಎರಡನೇ ವರ್ಷ ಆರು ಜನರಿಗೆ ಎರಡೆರಡು ಟಿಕೆಟ್ ಹೋಯಿತು. ಹಣ ಬಂದಾಗ ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ಒಂದು ಸಂದೇಶ ಕಳಿಸುತ್ತದೆ, ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಬೇಗ ಉತ್ತರ ಸಿಗದಿದ್ದರೆ ತಲುಪಿಲ್ಲ ಅಂದುಕೊಂಡು ಅದನ್ನೇ ಮತ್ತೆ ಕಳಿಸುತ್ತದೆ. ನಮ್ಮ ಸರ್ವರ್ ಮೊದಲು ಟಿಕೆಟ್ ಇಮೇಲ್ ಕಳಿಸಿ, ಆಮೇಲೆ "ಸಿಕ್ಕಿತು" ಅನ್ನುತ್ತಿತ್ತು. ಅವತ್ತು ಇಮೇಲ್ ನಿಧಾನವಾಗಿತ್ತು. ಹಾಗಾಗಿ ಒಂದೇ ಹಣಕ್ಕೆ ಎರಡು ಟಿಕೆಟ್ ಹುಟ್ಟಿದವು, ಕಾರ್ಯಾಗಾರದಲ್ಲೂ ಎರಡು ಜಾಗ ಹೋದವು. ಪರದೆಯ ಮೇಲೆ "ಭರ್ತಿ", ಕೋಣೆಯಲ್ಲಿ ಖಾಲಿ ಕುರ್ಚಿ. `payment_id` ಒಮ್ಮೆ ಮಾತ್ರ ಬರಬೇಕು ಅಂತ ಡೇಟಾಬೇಸ್‌ನಲ್ಲೇ ಕಟ್ಟುಹಾಕಿ, ಮೊದಲು ಉತ್ತರ ಕೊಟ್ಟು ಆಮೇಲೆ ಇಮೇಲ್ ಕಳಿಸುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಮೂರನೇ ವರ್ಷ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಖಜಾಂಚಿ. ಹೊಸಬರು ಗೇಟ್‌ವೇ ಖಾತೆ ವಹಿಸಿಕೊಂಡಾಗ, ಮಾಡಬೇಕಾದ ಹಾಗೆಯೇ, ಹಳೆಯ ರಹಸ್ಯ ಕೀಲಿಗಳನ್ನು ರದ್ದು ಮಾಡಿ ಹೊಸದು ತೆಗೆದರು. ಗೇಟ್‌ವೇ ತನ್ನ ಸಂದೇಶಕ್ಕೆ ಸಹಿ ಹಾಕುವುದು ಈ ಕೀಲಿಯಿಂದಲೇ, ನಮ್ಮ ಸರ್ವರ್‌ನಲ್ಲಿ ಮಾತ್ರ ಹಳೆಯ ಕೀಲಿಯೇ ಉಳಿದಿತ್ತು. ಪರೀಕ್ಷೆಯ ಕೀಲಿ ಬೇರೆ ಇರುತ್ತದೆ, ಅದು ಬದಲಾಗಿರಲಿಲ್ಲ. ನಮ್ಮ ಪರೀಕ್ಷೆ ಎಲ್ಲಾ ಪಾಸ್. ನಿಜವಾದ ದಿನ ಬಂದ ಒಂದೊಂದು ಸಂದೇಶವನ್ನೂ ಸಹಿ ತಾಳೆಯಾಗುತ್ತಿಲ್ಲ ಅಂತ ಸರ್ವರ್ ತಳ್ಳಿಹಾಕಿತು. 61 ಜನ ಹಣ ಕಟ್ಟಿದ್ದರು. ನಮ್ಮ ಪಟ್ಟಿಯಲ್ಲಿ ಅಷ್ಟೂ ಜನ `pending`. ಕೋಡ್ ಬರೆದವರು ಆ ಹೊತ್ತಿಗೆ ಬೇರೆ ಕೆಲಸಕ್ಕೆ ಸೇರಿ ದೂರ ಹೋಗಿದ್ದರು. ರಾತ್ರಿ ಎರಡರವರೆಗೆ ಗೇಟ್‌ವೇ ಪಟ್ಟಿಯನ್ನೂ ನಮ್ಮ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೆಸರು ಹೊಂದಿಸಿದೆ.

ಸ್ವಂತ ವ್ಯವಸ್ಥೆ ಇಟ್ಟುಕೊಂಡವರು ನೋಂದಣಿ ತೆರೆದ ಹತ್ತೇ ನಿಮಿಷಕ್ಕೆ ಎರಡು ಸಂಖ್ಯೆ ನೋಡಿ. ಗೇಟ್‌ವೇಯಲ್ಲಿ ಯಶಸ್ವಿ ಪಾವತಿ ಎಷ್ಟು, ನಿಮ್ಮ ಪಟ್ಟಿಯಲ್ಲಿ `paid` ಎಷ್ಟು. ಒಂದೆರಡು ನಿಮಿಷ ಹಿಂದೆಮುಂದೆ ಆಗಬಹುದು. ವ್ಯತ್ಯಾಸ ಬೆಳೆಯುತ್ತಾ ಹೋದರೆ ಕೂಡಲೇ ನೋಂದಣಿ ನಿಲ್ಲಿಸಿ. ನಾನು ಅವತ್ತು ಇದನ್ನು ನೋಡಿದ್ದು ಸಂಜೆ.

ನಾಲ್ಕನೇ ವರ್ಷ ಪ್ಲಾಟ್‌ಫಾರ್ಮ್‌ಗೆ ಹೋದೆವು. ತೆರೆದ ಮೊದಲ ನಿಮಿಷ ಏನೂ ಆಗಲಿಲ್ಲ. ಏನೂ ಆಗದಿರುವುದು ಎಷ್ಟು ದೊಡ್ಡ ನೆಮ್ಮದಿ ಅಂತ ಅವತ್ತು ಗೊತ್ತಾಯಿತು. ಇಮೇಲ್ ತಲುಪಿತು, ಹಣ ವಾಪಸ್ ಕೊಡುವುದು ಒಂದು ಗುಂಡಿ ಒತ್ತುವ ಕೆಲಸವಾಯಿತು, ಬಾಗಿಲಲ್ಲಿ ಫೋನಿನಿಂದಲೇ ಟಿಕೆಟ್ ಸ್ಕ್ಯಾನ್ ಮಾಡಿದೆವು. ಅವರ ವ್ಯವಸ್ಥೆ ದಿನವೂ ಬೇರೆ ಬೇರೆ ಕಾರ್ಯಕ್ರಮಗಳಿಗೆ ಓಡಿ ಪಳಗಿರುತ್ತದೆ. ಶುಲ್ಕ ಕೊಡುವುದು ಇದಕ್ಕೇ ಅಂತ ನನಗನಿಸುತ್ತದೆ.

ಶುಲ್ಕದ ವಿಷಯದಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಶೇಕಡಾವಾರು ಭಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರತಿ ಟಿಕೆಟ್‌ಗೆ ಇರುವ ನಿಗದಿ ಮೊತ್ತವನ್ನು ಮರೆಯುತ್ತೇವೆ. ಶೇಕಡಾ 3 ಮತ್ತು ಟಿಕೆಟ್‌ಗೆ 10 ಅಂತಿಟ್ಟುಕೊಳ್ಳಿ, ನಾಣ್ಯ ಯಾವುದಾದರೂ ಸರಿ. 500ರ ಟಿಕೆಟ್‌ಗೆ ಹೋಗುವುದು 25, ಅಂದರೆ ಶೇಕಡಾ 5. 100ರ ಮಕ್ಕಳ ಟಿಕೆಟ್‌ಗೆ ಹೋಗುವುದು 13, ಅಂದರೆ ಶೇಕಡಾ 13. ಕಡಿಮೆ ಬೆಲೆಯ ಟಿಕೆಟ್ ಜಾಸ್ತಿ ಇದ್ದರೆ ಪೆಟ್ಟು ಇಲ್ಲೇ ಬೀಳುತ್ತದೆ. ಮನೆಯವರೆಲ್ಲರಿಗೂ ಸೇರಿ ಒಂದೇ ಟಿಕೆಟ್ ಮಾಡಿದ ಮೇಲೆ ನಮಗೆ ಹಗುರಾಯಿತು.

ಅದಕ್ಕಿಂತ ಗಂಭೀರವಾದದ್ದು ಹಣ ಯಾವಾಗ ಕೈಗೆ ಬರುತ್ತದೆ ಅನ್ನುವುದು. ನಾವು ಆರಿಸಿಕೊಂಡ ಪ್ಲಾಟ್‌ಫಾರ್ಮ್ ಉತ್ಸವ ಮುಗಿದ ಮೇಲೆಯೇ ಹಣ ಕೊಡುತ್ತಿತ್ತು. ಕಾರ್ಯಕ್ರಮ ರದ್ದಾದರೆ ಜನರಿಗೆ ವಾಪಸ್ ಕೊಡಬೇಕಲ್ಲ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಪೆಂಡಾಲ್ ಮತ್ತು ಧ್ವನಿ ವ್ಯವಸ್ಥೆಗೆ ಮುಂಗಡ ಕೊಡಬೇಕಾದದ್ದು ಆರು ವಾರ ಮೊದಲು. ಟಿಕೆಟ್ ಪೂರ್ತಿ ಮಾರಾಟವಾಗಿ, ಕೈಯಲ್ಲಿ ದುಡ್ಡಿಲ್ಲ. ಸಮಿತಿಯವರು ತಾವೇ ಸಾಲ ಹಾಕಿದರು. ನಾನು ನಿಯಮ ಓದಿದ್ದೆ, ಹಣ ಯಾವಾಗ ಕೊಡುತ್ತಾರೆ ಅನ್ನುವ ಸಾಲನ್ನು ಮಾತ್ರ ಗಮನಿಸಿರಲಿಲ್ಲ. ಈಗ ಬಳಸುತ್ತಿರುವ ಪ್ಲಾಟ್‌ಫಾರ್ಮ್‌ನಲ್ಲಿ ಹಣ ನೇರವಾಗಿ ನಮ್ಮ ಗೇಟ್‌ವೇ ಖಾತೆಗೇ ಬರುತ್ತದೆ. ಆಯ್ಕೆ ಮಾಡುವಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಅದು.

ಮೂರನೆಯ ತೊಂದರೆ ಕಾರ್ಯಾಗಾರಗಳದ್ದು. ಪ್ಲಾಟ್‌ಫಾರ್ಮ್‌ನಲ್ಲಿ ಟಿಕೆಟ್ ಕೊಳ್ಳುವಾಗಲೇ ಕಾರ್ಯಾಗಾರ ಆರಿಸಬೇಕಿತ್ತು. ಆಮೇಲೆ ಬದಲಿಸಬೇಕು ಅಂದರೆ ಟಿಕೆಟ್ ರದ್ದು ಮಾಡಿ ಹೊಸದು ಕೊಳ್ಳಬೇಕು, ಮೊದಲ ಶುಲ್ಕ ವಾಪಸ್ ಇಲ್ಲ. ನಮ್ಮ ಜನ ಮಾತ್ರ ಕೊನೆಯ ವಾರದವರೆಗೂ "ಮಡಿಕೆ ಬೇಡ, ನೇಯ್ಗೆ ಕೊಡಿ" ಅನ್ನುತ್ತಲೇ ಇರುತ್ತಾರೆ. ಅದು ತಪ್ಪೂ ಅಲ್ಲ, ಉತ್ಸವ ಇರುವುದೇ ಅದಕ್ಕೆ.

ಹಾಗಾಗಿ ಈಗಿನ ಏರ್ಪಾಡು ಹೀಗಿದೆ. ಪ್ಲಾಟ್‌ಫಾರ್ಮ್ ಪ್ರವೇಶ ಟಿಕೆಟ್ ಮಾತ್ರ ಮಾರುತ್ತದೆ. ಕಾರ್ಯಾಗಾರಕ್ಕೆ ಬೇರೆ ಹಣ ಇಲ್ಲ, ಒಬ್ಬರಿಗೆ ಎರಡು. ಎರಡು ವಾರದ ನಂತರ ನಮ್ಮ ಪುಟ ತೆರೆಯುತ್ತದೆ. ಟಿಕೆಟ್ ಸಂಖ್ಯೆ ಮತ್ತು ಇಮೇಲ್ ಹಾಕಿ ಒಳಗೆ ಬಂದು ಆರಿಸಿಕೊಳ್ಳಬಹುದು, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮೇಲೆ ತೋರಿಸಿದ ಆ `UPDATE` ಈಗಲೂ ಇದೆ. ಹಣ ಇಲ್ಲದ್ದರಿಂದ 15 ನಿಮಿಷ ಹಿಡಿದಿಡುವ ಗೋಳಿಲ್ಲ, ವೆಬ್‌ಹುಕ್ ಇಲ್ಲ, ರಹಸ್ಯ ಕೀಲಿ ತಾಳೆಯಾಗದ ಭಯ ಇಲ್ಲ. ಪುಟ ಒಂದು ಗಂಟೆ ಬಿದ್ದರೂ ಯಾರ ದುಡ್ಡೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಟಿಕೆಟ್ ಪಟ್ಟಿಯನ್ನು ನಮ್ಮ ಪುಟವೇ 10 ನಿಮಿಷಕ್ಕೊಮ್ಮೆ ಪ್ಲಾಟ್‌ಫಾರ್ಮ್‌ನ ಎಪಿಐಯಿಂದ ಕೇಳಿ ತರುತ್ತದೆ. ಅವರು ಕಳಿಸಲಿ ಅಂತ ಕಾಯುವುದಿಲ್ಲ. ಒಂದು ಸಲ ತಪ್ಪಿದರೆ ಮುಂದಿನ ಸಲ ಪೂರ್ತಿ ಪಟ್ಟಿ ಬರುತ್ತದೆ, ಏನೂ ಕಳೆದುಹೋಗುವುದಿಲ್ಲ. ಇಲ್ಲೂ ಮೊದಲ ವರ್ಷ ಒಂದು ಎಡವಟ್ಟಾಯಿತು. ಹೊಸ ಟಿಕೆಟ್ ತರುತ್ತಿದ್ದೆವು, ರದ್ದಾದ ಟಿಕೆಟ್ ನೋಡುತ್ತಿರಲಿಲ್ಲ. ಬರುವುದಿಲ್ಲ ಅಂತ ಹಣ ವಾಪಸ್ ಪಡೆದವರ ಹೆಸರಲ್ಲಿ ಒಂಬತ್ತು ಜಾಗ ಖಾಲಿ ಉಳಿದವು, ಹೊರಗೆ ಕಾಯುವ ಪಟ್ಟಿಯಲ್ಲಿ ಜನ ಇದ್ದರು. ಈಗ ಟಿಕೆಟ್ ರದ್ದಾದರೆ ಮುಂದಿನ ಸಲ ಪಟ್ಟಿ ತಂದಾಗಲೇ ಜಾಗ ಬಿಡುಗಡೆಯಾಗುತ್ತದೆ.

ನಿಮ್ಮ ಕಾರ್ಯಾಗಾರಗಳಿಗೆ ಬೇರೆ ಬೇರೆ ಬೆಲೆ ಇದ್ದರೆ ಈ ದಾರಿ ಆಗುವುದಿಲ್ಲ, ಹಣ ಮತ್ತೆ ನಡುವೆ ಬರುತ್ತದೆ. ಅಂಥವರು ಪ್ರೆಟಿಕ್ಸ್ ನೋಡಬಹುದು. ಅದು ಟಿಕೆಟ್ ಮಾರುವ ಮುಕ್ತ ತಂತ್ರಾಂಶ. ಅದನ್ನು ಮಾಡಿದವರೇ ನಡೆಸುವ ಸೇವೆಯಾಗಿಯೂ ಸಿಗುತ್ತದೆ, ನಮ್ಮ ಸರ್ವರ್‌ನಲ್ಲೂ ಹಾಕಿಕೊಳ್ಳಬಹುದು. ಅದರಲ್ಲಿ ಕೋಟಾ ಅಂತ ಒಂದಿದೆ. ಮಕ್ಕಳ ಟಿಕೆಟ್, ದೊಡ್ಡವರ ಟಿಕೆಟ್ ಬೇರೆ ಬೇರೆ ಬೆಲೆಗೆ ಮಾರಿದರೂ ಎರಡೂ ಒಂದೇ 20 ಜಾಗದಿಂದ ಕಳೆಯುವ ಹಾಗೆ ಮಾಡಬಹುದು. ಸ್ವಂತ ಸರ್ವರ್‌ನಲ್ಲಿ ಹಾಕಿದರೆ ಮಾತ್ರ ಅಪ್‌ಡೇಟ್, ಬ್ಯಾಕಪ್ ಎಲ್ಲಾ ನಿಮ್ಮ ತಲೆಗೇ. ಹನ್ನೊಂದು ತಿಂಗಳು ಮಲಗುವ ವ್ಯವಸ್ಥೆಯ ಕಷ್ಟ ಅಲ್ಲೂ ತಪ್ಪಿದ್ದಲ್ಲ.

ಈಗ ಮಾರಾಟ ತೆರೆಯುವ ಎರಡು ವಾರ ಮೊದಲು ನಾವು ಒಂದು ಸಂಜೆ ಕೂರುತ್ತೇವೆ. ಒಬ್ಬರು ನಿಜವಾದ ಹಣ ಕೊಟ್ಟು ಟಿಕೆಟ್ ಕೊಳ್ಳುತ್ತಾರೆ, ಕಾರ್ಯಾಗಾರ ಆರಿಸುತ್ತಾರೆ, ಟಿಕೆಟ್ ರದ್ದು ಮಾಡುತ್ತಾರೆ. ಆ ಜಾಗ ಮತ್ತೆ ಖಾಲಿ ಕಾಣುವವರೆಗೆ ಯಾರೂ ಏಳುವುದಿಲ್ಲ. ಆಮೇಲೆ ಒಂದೇ ಜಾಗ ಇರುವ ಸುಳ್ಳು ಕಾರ್ಯಾಗಾರ ಮಾಡಿ, ಐದು ಜನ ಐದು ಫೋನ್ ಹಿಡಿದು, ಒಂದು, ಎರಡು, ಮೂರು ಅಂತ ಎಣಿಸಿ ಒಟ್ಟಿಗೆ ಒತ್ತುತ್ತೇವೆ. ಒಬ್ಬರಿಗೆ ಹಸಿರು, ನಾಲ್ವರಿಗೆ "ಭರ್ತಿ" ಬರಬೇಕು. ಈ ವರ್ಷ ಹತ್ತು ಸಲ ಒತ್ತಿದೆವು, ಹತ್ತು ಸಲವೂ ಹಾಗೇ ಬಂತು.